ಸಾವನ್ನು ಮೊದಲೇ ಹೇಳಿಬಿಟ್ಟರೆ

ಅಮೆರಿಕದ ಡೋನಾ ಟಾರ್ಟ್ ಅವರ 'ದ ಸೀಕ್ರೆಟ್ ಹಿಸ್ಟರಿ' (1992) ಶುರುವಾಗುವುದು ಪುಟ್ಟದೊಂದು ಪ್ರೋಲಾಗ್‌ನಿಂದ. ಬನ್ನಿ ಎಂಬ ಕಾಲೇಜು ಹುಡುಗ ಸತ್ತಿದ್ದಾನೆ. ಕೊಂದವರು ಅವನ ಗೆಳೆಯರೇ. ಕತೆ ಹೇಳುತ್ತಿರುವ ರಿಚರ್ಡ್ ತಾನೂ ಅವರಲ್ಲೊಬ್ಬನೆಂದು ಅಲ್ಲೇ ಒಪ್ಪಿಕೊಳ್ಳುತ್ತಾನೆ. ಆದರೆ ಆ ಕೊಲೆ ನಡೆಯುವುದು ಹೆಚ್ಚುಕಡಿಮೆ ಪುಸ್ತಕದ ನಡುವಿನಲ್ಲಿ.

ಪ್ರೋಲಾಗ್ ಎಂದರೆ ನಮ್ಮ ಮುನ್ನುಡಿಯಲ್ಲ. ಮುನ್ನುಡಿಯಲ್ಲಿ ಮಾತಾಡುವವರು ಲೇಖಕರು. ಪ್ರೋಲಾಗ್ ಕತೆಯದೇ ತುಂಡು, ಆದರೆ ಸಾಮಾನ್ಯವಾಗಿ ಮೊದಲ ಅಧ್ಯಾಯದ ಕಾಲದಿಂದ ಆಚೆ ನಿಂತಿರುತ್ತದೆ.

ಟಾರ್ಟ್ ಅವರ ಮೊದಲ ಅಧ್ಯಾಯದಲ್ಲಿ ರಿಚರ್ಡ್ ಕ್ಯಾಲಿಫೋರ್ನಿಯಾದ ತನ್ನ ಸಪ್ಪೆ ಊರಿನಿಂದ ವರ್ಮಾಂಟ್‌ನ ಕಾಲೇಜಿಗೆ ಬರುತ್ತಾನೆ, ಗ್ರೀಕ್ ಓದುವ ಐವರನ್ನು ಕಂಡು ಮರುಳಾಗುತ್ತಾನೆ. ಆ ಹೊತ್ತಿಗೆ ಅವನಿಗೆ ಕೊಲೆಯ ಸುಳಿವೂ ಇಲ್ಲ. ಪ್ರೋಲಾಗ್ ಕಿತ್ತುಹಾಕಿದರೆ ಪುಸ್ತಕದ ಆರಂಭದ ಭಾಗ ಬರೀ ಕಾಲೇಜು ಕತೆಯಂತೆ ಕಾಣುತ್ತದೆ. ಅದಿದ್ದಾಗ, ಬನ್ನಿ ಹೋಟೆಲಿನಲ್ಲಿ ತಿಂದು ಬಿಲ್ಲನ್ನು ಇನ್ನೊಬ್ಬರ ಮೇಲೆ ಹಾಕುವ ಪ್ರಸಂಗವನ್ನೂ ನಾವು ಸಾಯಲಿರುವವನ ಪ್ರಸಂಗವೆಂದೇ ಓದುತ್ತೇವೆ. 'ಕೊಂದವರು ಯಾರು' ಎಂಬ ಪ್ರಶ್ನೆ ಹೋಗಿ 'ಇವರು ಹೇಗೆ ಇಂಥದ್ದಕ್ಕೆ ಇಳಿದರು' ಎಂಬ ಪ್ರಶ್ನೆ ಜೊತೆಯಲ್ಲಿ ನಡೆಯುತ್ತದೆ. ಓದುಗನಿಗೆ ಹೀಗೆ ಪಾತ್ರಗಳಿಗಿಂತ ಮುಂಚೆ ತಿಳಿದಿರುವುದು ಮೊದಲ ಅಧ್ಯಾಯದೊಳಗೆ, ಅದರ ಕಾಲದಲ್ಲೇ ನಿಂತು, ಆಗುವ ಕೆಲಸವಲ್ಲ.

ಅಲ್ಲಿ ಬಚ್ಚಿಟ್ಟದ್ದನ್ನು ನಾನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಬನ್ನಿಯ ಸಾವಿಗೆ ಕಾರಣವಾದ ಇನ್ನೊಂದು ಸಾವಿದೆ, ಪ್ರೋಲಾಗ್ ಅದರ ಮಾತೇ ಎತ್ತುವುದಿಲ್ಲ. ಒಂದು ಗುಟ್ಟನ್ನು ಬಿಟ್ಟುಕೊಟ್ಟು ಅದಕ್ಕಿಂತ ದೊಡ್ಡದನ್ನು ಉಳಿಸಿಕೊಂಡಿದೆ.

ಅನಂತಮೂರ್ತಿಯವರ 'ಸಂಸ್ಕಾರ'ದಲ್ಲೂ ಒಂದು ಹೆಣವಿದೆ. ಅಲ್ಲಿ ಪ್ರೋಲಾಗ್ ಬೇಕಿರಲಿಲ್ಲ. ನಾರಣಪ್ಪ ಸತ್ತ ಸುದ್ದಿಯನ್ನು ಚಂದ್ರಿ ಆರಂಭದಲ್ಲೇ ತರುತ್ತಾಳೆ, ಹೆಣ ಸುಡುವವರು ಯಾರು ಎಂಬ ಇಕ್ಕಟ್ಟು ಆ ಗಳಿಗೆಯಿಂದಲೇ ಅಗ್ರಹಾರವನ್ನು ಹಿಡಿದುಕೊಳ್ಳುತ್ತದೆ. ಓದುಗನಿಗೂ ಪ್ರಾಣೇಶಾಚಾರ್ಯರಿಗೂ ಒಟ್ಟಿಗೇ ತಿಳಿಯಬೇಕಾದದ್ದನ್ನು ಮುಂದಾಗಿ ಹೇಳಿ ಏನು ಲಾಭ?

ಹಸ್ತಪ್ರತಿಗಳಲ್ಲಿ ನಾನು ಕಂಡ ಸೋಲುಗಳು ಮುಖ್ಯವಾಗಿ ಎರಡು. ಒಂದು, ಮನೆತನದ ಮೂರು ತಲೆಮಾರಿನ ಚರಿತ್ರೆಯನ್ನು ಮುಂದೆ ಪೇರಿಸಿಡುವುದು. ಯಾರ ಮೇಲೂ ಇನ್ನೂ ಅಕ್ಕರೆ ಹುಟ್ಟದ ಓದುಗನಿಗೆ ಆ ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಮೊದಲ ಅಧ್ಯಾಯ ಸಪ್ಪೆಯೆಂಬ ಅಳುಕಿನಿಂದ ಮುಂದಿನ ಹೊಡೆದಾಟವೊಂದನ್ನು ತಂದು ಅಂಟಿಸುವುದು. ಆಗ ಓದುಗ ಎರಡು ಸಲ ಕತೆಯೊಳಗೆ ಕಾಲಿಡಬೇಕು, ಎರಡನೆಯ ಸಲ ಅದೇ ಸಪ್ಪೆ ಅಧ್ಯಾಯ ಎದುರಾಗುತ್ತದೆ.

ತೀರ್ಮಾನ ಕಷ್ಟವಾದರೆ ಇಬ್ಬರಿಗೆ ಹಸ್ತಪ್ರತಿ ಕೊಡಿ, ಒಬ್ಬರಿಗೆ ಪ್ರೋಲಾಗ್ ಸಮೇತ, ಇನ್ನೊಬ್ಬರಿಗೆ ಅದಿಲ್ಲದೆ. ಐವತ್ತನೆಯ ಪುಟದಲ್ಲಿ ತಡೆದು, ಏನನ್ನು ತಿಳಿಯಲು ಕಾಯುತ್ತಿದ್ದೀರಿ ಎಂದು ಕೇಳಿ. ಇಬ್ಬರ ಉತ್ತರವೂ ಒಂದೇ ಆಗಿದ್ದರೆ ಆ ಪುಟಗಳನ್ನು ತೆಗೆದುಬಿಡಬಹುದು.