ಬೀಗ ಹಾಕಿದ ಮನೆಗೆ 502 ಯೂನಿಟ್

ಏಪ್ರಿಲ್ 12ಕ್ಕೆ ಡೊಂಬಿವಲಿಯ ಫ್ಲ್ಯಾಟಿನ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಜಡಿದು ಕುಂದಾಪುರಕ್ಕೆ ಹೋಗಿದ್ದೆವು. ಊರಿನಲ್ಲಿರುವಾಗಲೇ ಮೊಬೈಲಿಗೆ ಕರೆಂಟ್ ಬಿಲ್ ಬಂತು: 7,180 ರೂಪಾಯಿ. ನಮ್ಮ ಮನೆಗೆ ಎಂದೂ ಸಾವಿರ ದಾಟಿದ್ದಿಲ್ಲ.

ಮೇ 26ಕ್ಕೆ ಮರಳಿದವನು ಮನೆಗೂ ಹೋಗದೆ ನೇರ ಕೆಳಗಿನ ಮೀಟರ್ ರೂಮಿಗೆ ಹೋದೆ. ಮೊದಲು ಬಿಲ್ಲಿನಲ್ಲಿದ್ದ ಮೀಟರ್ ಸಂಖ್ಯೆಯೂ ಪೆಟ್ಟಿಗೆಯ ಮೇಲಿನದೂ ಒಂದೇ ಎಂದು ನೋಡಿಕೊಂಡೆ. ಪರದೆಯಲ್ಲಿ ಅಂಕಿಗಳು ಬದಲಾಗುತ್ತಲೇ ಇರುತ್ತವೆ. kWh ಎಂದು ತೋರಿಸುವವರೆಗೆ ಕಾದೆ. 4463! ಬಿಲ್ಲಿನಲ್ಲಿ ಏಪ್ರಿಲ್ 10ರ ರೀಡಿಂಗ್ 4461, ಮೇ 10ರದ್ದು 4963. ಮಸುಕಾದ ಪರದೆಯ 4 ಯಾರ ಕಣ್ಣಿಗೋ 9 ಆಗಿ ಕಂಡಿತ್ತು. ಫೋಟೋ ತೆಗೆದುಕೊಂಡೆ.

ಪತ್ರದಲ್ಲಿ ‘ಮನೆ ಖಾಲಿಯಿತ್ತು’ ಎಂದು ಅಳುವುದಕ್ಕಿಂತ ಅಂಕಿಗಳನ್ನೇ ಮುಂದಿಟ್ಟೆ. ಅದರ ಸಾರ ಇಷ್ಟು:

‘ಗ್ರಾಹಕ ಸಂಖ್ಯೆ, ಮೀಟರ್ ಸಂಖ್ಯೆ ಮೇಲೆ ಬರೆದಿದ್ದೇನೆ. ಮೇ 10ಕ್ಕೆ 4963 ಎಂದು ಬಿಲ್ ಬಂದಿದೆ. ಮೇ 26ಕ್ಕೂ ಮೀಟರಿನಲ್ಲಿ 4463 ಇದೆ; ಫೋಟೋ ಲಗತ್ತಿಸಿದೆ. ಮೀಟರ್ ಹಿಂದಕ್ಕೆ ಓಡುವುದಿಲ್ಲ. ದಯವಿಟ್ಟು ಸ್ಥಳಕ್ಕೆ ಬಂದು ರೀಡಿಂಗ್ ಪರಿಶೀಲಿಸಿ, 2 ಯೂನಿಟ್ಟಿಗೆ ಬಿಲ್ ತಿದ್ದಿಕೊಡಿ. ಅಲ್ಲಿಯವರೆಗೆ ಹಿಂದಿನ 6 ತಿಂಗಳ ಸರಾಸರಿ 850 ರೂಪಾಯಿಯನ್ನು ಆಕ್ಷೇಪಣೆಯೊಂದಿಗೆ ಕಟ್ಟುತ್ತೇನೆ.’

ಕೊನೆಯ ವಾಕ್ಯಕ್ಕೆ ಕಾರಣವಿದೆ. ಕೌಂಟರಿನವರು, ‘ಸಾಹೇಬ್ರೇ, ಮೊದಲು ಪೂರ್ತಿ ಕಟ್ಟಿ, ಆಮೇಲೆ ಅಡ್ಜಸ್ಟ್ ಆಗ್ತದೆ’ ಎಂದರು. ಆದರೆ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಬೇರೆ ಹೇಳುತ್ತದೆ. ಕೇಳಿದ ಮೊತ್ತ, ಇಲ್ಲವೇ ಹಿಂದಿನ 6 ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಏನೂ ಕಟ್ಟದೆ ಬರೀ ಪತ್ರ ಕೊಟ್ಟು ಕೂತರೆ ಈ ರಕ್ಷಣೆ ಸಿಗದು. ಕಲಮು ತೋರಿಸಿದ ಮೇಲೆ ಅವರು ಒಳಗೆ ಕೇಳಿಬಂದು 850 ಕಟ್ಟಿಸಿಕೊಂಡರು. ಪತ್ರದ ನಕಲಿಗೆ ತಾರೀಖಿನ ಸಹಿತ ಮೊಹರು ಹಾಕಿಸಿಕೊಂಡೇ ಹೊರಬಂದೆ. ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೆ ಹೋಗಲು ಆ ಮೊಹರೇ ಆಧಾರ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಹತ್ತು ದಿನದಲ್ಲಿ ಒಬ್ಬರು ಬಂದು ಮೀಟರ್ ನೋಡಿ ಹೋದರು, ಬಿಲ್ ತಿದ್ದಲಾಯಿತು. ಸೊನ್ನೆಯೇನೂ ಆಗಲಿಲ್ಲ, ಖಾಲಿ ಮನೆಗೂ ಸ್ಥಿರ ಶುಲ್ಕ ತಪ್ಪದು. ಹೆಚ್ಚು ಕಟ್ಟಿದ್ದು ಮುಂದಿನ ಬಿಲ್ಲಿಗೆ ಜಮೆಯಾಯಿತು.

ಮೀಟರಿನಲ್ಲೂ 4963 ಇದ್ದಿದ್ದರೆ ಈ ಪತ್ರ ನಡೆಯುತ್ತಿರಲಿಲ್ಲ. ಆಗ ಮೀಟರ್ ಪರೀಕ್ಷೆಗೆ ಅರ್ಜಿ ಹಾಕಬೇಕಿತ್ತು, ಇಲ್ಲವೇ ನಮ್ಮ ಮೀಟರಿನಿಂದ ಬೇರೆಯವರ ಮನೆಗೆ ತಂತಿ ಹೋಗಿದೆಯೇ ಎಂದು ಹುಡುಕಬೇಕಿತ್ತು. ಅದಕ್ಕೇ ಈಗ ಊರಿಗೆ ಹೊರಡುವಾಗ ಗ್ಯಾಸ್ ಬಂದ್ ಮಾಡಿದ ಹಾಗೆ, ಮೀಟರಿನದೊಂದು ಫೋಟೋ ತೆಗೆದೇ ರಿಕ್ಷಾ ಹತ್ತುತ್ತೇವೆ.