ಕೊಲೆಗಾರ ಬಿಟ್ಟುಹೋದ ಹತ್ತು ನಿಮಿಷ

ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಪ್ರಕಟವಾದದ್ದು 1926ರಲ್ಲಿ. ಅದನ್ನಿನ್ನೂ ಓದದವರು ಈ ಬರಹವನ್ನು ಇಲ್ಲಿಗೇ ಬದಿಗಿಟ್ಟು ಮೊದಲು ಕಾದಂಬರಿ ಓದಿಕೊಂಡು ಬರುವುದು ಒಳ್ಳೆಯದು. ಕೊಲೆಗಾರ ಯಾರೆಂದು ಹೇಳದೆ ಅದರ ಸುಳಿವುಗಳ ಬಗ್ಗೆ ಮಾತಾಡಲು ಬರುವುದಿಲ್ಲ.

ಕಥೆ ನಡೆಯುವುದು ಇಂಗ್ಲೆಂಡಿನ ಕಿಂಗ್ಸ್ ಆಬಟ್ ಎಂಬ ಕಾಲ್ಪನಿಕ ಹಳ್ಳಿಯಲ್ಲಿ. ಹೇಳುವವನು ಊರಿನ ವೈದ್ಯ ಶೆಪರ್ಡ್. ಕೊಲೆ ಮಾಡಿದವನೂ ಅವನೇ. ಓದುಗ ಇನ್ನೂರು ಪುಟಗಳಿಗೂ ಹೆಚ್ಚು ಕಾಲ ಯಾರ ಕೈಹಿಡಿದು ನಡೆದನೋ ಅವನೇ ಅಪರಾಧಿ ಎಂದು ಕೊನೆಗೆ ಗೊತ್ತಾದಾಗ ಸಿಟ್ಟು ಬರಬೇಕಿತ್ತು. ಕೆಲವರಿಗೆ ಬಂತು ಕೂಡ. ಆದರೆ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದವರಿಗೆ ಸುಳಿವು ನಾಲ್ಕನೆಯ ಅಧ್ಯಾಯದಲ್ಲೇ, ಕೊಲೆಯ ಸುದ್ದಿ ಹೊರಬೀಳುವುದಕ್ಕೂ ಮೊದಲೇ ಕಣ್ಣೆದುರು ಇದ್ದದ್ದು ಕಾಣಿಸುತ್ತದೆ.

ಆ ಅಧ್ಯಾಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಊಟವಾದ ಮೇಲೆ ಆಕ್ರಾಯ್ಡ್ ತನ್ನ ಓದುವ ಕೋಣೆಯಲ್ಲಿ ಶೆಪರ್ಡ್ ಜೊತೆ ಕೂತಿದ್ದಾನೆ. ಹಿಂದಿನ ರಾತ್ರಿ ಸತ್ತ ಶ್ರೀಮಂತ ವಿಧವೆಯೊಬ್ಬಳನ್ನು ಯಾರೋ ಬೆದರಿಸಿ ಹಣ ಕೀಳುತ್ತಿದ್ದರು. ಆಕೆ ಸಾಯುವ ಮುನ್ನ ಬರೆದ ಪತ್ರ ಅಂಚೆಯಲ್ಲಿ ಬರುತ್ತದೆ. ಅದರಲ್ಲಿ ಆ ಮನುಷ್ಯನ ಹೆಸರಿದೆ. ಆಕ್ರಾಯ್ಡ್ ಅರ್ಧ ಓದಿ ನಿಲ್ಲಿಸುತ್ತಾನೆ. ಉಳಿದದ್ದನ್ನೂ ಓದೆಂದು ಶೆಪರ್ಡ್ ಒತ್ತಾಯಿಸಿದರೂ ಅವನು ಒಪ್ಪುವುದಿಲ್ಲ. ಪತ್ರ ಬಂದದ್ದು ಎಂಟು ನಲವತ್ತಕ್ಕೆ, ತಾನು ಹೊರಟದ್ದು ಎಂಟು ಐವತ್ತಕ್ಕೆ, ಆಗಲೂ ಪತ್ರ ಓದದೇ ಉಳಿದಿತ್ತು ಎಂದು ಶೆಪರ್ಡ್ ಬರೆಯುತ್ತಾನೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಏನಾದರೂ ಮಾಡದೆ ಉಳಿಯಿತೇ ಎಂದು ಒಮ್ಮೆ ಹಿಂದಿರುಗಿ ನೋಡಿದ್ದನ್ನೂ ಬರೆಯುತ್ತಾನೆ.

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ಹತ್ತು ನಿಮಿಷದಲ್ಲಿ ಏನು ನಡೆಯಿತು ಎಂಬುದನ್ನಷ್ಟೇ ಅವನು ಹೇಳಿಲ್ಲ. ಓದುಗನಿಗೆ ಅದು ಹೊಳೆಯುವುದಿಲ್ಲ, ಏಕೆಂದರೆ ಅವನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆಯೇ ಪ್ರಶ್ನೆ: ಪತ್ರದಲ್ಲಿದ್ದ ಹೆಸರು ಯಾರದು? ಕ್ರಿಸ್ಟಿಯ ಜಾಣ್ಮೆ ಇರುವುದು ಇಲ್ಲೇ. ಸುಳಿವನ್ನು ಆಕೆ ಮುಚ್ಚಿಡಲಿಲ್ಲ, ಅದಕ್ಕಿಂತ ದೊಡ್ಡ ಕುತೂಹಲವೊಂದನ್ನು ಪಕ್ಕದಲ್ಲಿ ತಂದು ಕೂರಿಸಿದಳು.

ಮುಂದೆ ಸ್ವಲ್ಪದರಲ್ಲೇ ಇದೇ ಉಪಾಯ ಮತ್ತೊಮ್ಮೆ ಬರುತ್ತದೆ. ಶೆಪರ್ಡ್ ಬಂಗಲೆಯ ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯುತ್ತದೆ. ಆ ಕ್ಷಣದಲ್ಲೇ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ ಅಪರಿಚಿತನೊಬ್ಬ ಎದುರಾಗಿ ಬಂಗಲೆಗೆ ದಾರಿ ಕೇಳುತ್ತಾನೆ. ಓದುಗ ಆ ಅಪರಿಚಿತನ ಬೆನ್ನು ಹತ್ತುತ್ತಾನೆ, ಗಡಿಯಾರದ ಸದ್ದು ರಾತ್ರಿಯ ವರ್ಣನೆಯ ಭಾಗವಾಗಿ ಕಿವಿಯ ಪಕ್ಕ ಹಾದುಹೋಗುತ್ತದೆ. ಮನೆಯಿಂದ ಗೇಟಿಗೆ ಐದು ನಿಮಿಷದ ನಡಿಗೆ, ವೈದ್ಯನಿಗೆ ಹತ್ತು ನಿಮಿಷ ಯಾಕೆ ಬೇಕಾಯಿತು ಎಂದು ಕೊನೆಯಲ್ಲಿ ಕೇಳುವವನು ಪತ್ತೇದಾರ ಹರ್ಕ್ಯುಲ್ ಪ್ವಾರೊ. ಅಷ್ಟು ಹೊತ್ತಿಗೆ ಕೊಲೆ ಮುಗಿದಿತ್ತು. ಬೇರೊಬ್ಬನ ಬೂಟು ಹಾಕಿಕೊಂಡು ಕಿಟಕಿಯಿಂದ ಮತ್ತೆ ಒಳನುಗ್ಗಿ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಬರಲು ಆ ಹೆಚ್ಚಿನ ನಿಮಿಷಗಳು ಹೋಗಿದ್ದವು.

ಒಂದೇ ಸುಳಿವಿನ ಮೇಲೆ ತೀರ್ಪು ನಿಂತಿದ್ದರೆ ಅದು ಕಾಕತಾಳೀಯ ಎನಿಸುತ್ತಿತ್ತು. ಹಾಗಾಗಿ ಕೊಲೆಗೆ ಕಾರಣವನ್ನೂ ಕ್ರಿಸ್ಟಿ ಮುಂಚೆಯೇ ಬಿತ್ತಿದ್ದಾಳೆ. ಮೂರನೆಯ ಅಧ್ಯಾಯದಲ್ಲಿ ಶೆಪರ್ಡ್ ಹೊಸದಾಗಿ ಬಂದ ನೆರೆಯವನ ಹತ್ತಿರ ಹರಟುತ್ತಾ, ತನಗೆ ಬಂದ ಆಸ್ತಿಯ ದುಡ್ಡನ್ನು ಹೂಡಿಕೆಯಲ್ಲಿ ಕಳೆದುಕೊಂಡೆ ಎಂದು ಒಪ್ಪಿಕೊಳ್ಳುತ್ತಾನೆ. ಕೇಳಲು ಅಮಾಯಕ ಮಾತು. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಅವನ ಹವ್ಯಾಸವೂ ಬರೀ ಹವ್ಯಾಸವೆಂಬಂತೆ ಬಂದು ಹೋಗುತ್ತದೆ. ಒಂಬತ್ತೂವರೆಗೆ ಸತ್ತವನ ಧ್ವನಿ ಕೋಣೆಯಿಂದ ಕೇಳಿಸಿದ್ದು ಡಿಕ್ಟಾಫೋನ್ ಯಂತ್ರದಿಂದ ಎಂದು ತಿಳಿದಾಗ ಆ ಹವ್ಯಾಸಕ್ಕೆ ಬೆಲೆ ಬರುತ್ತದೆ.

ಗಮನಿಸಬೇಕಾದ್ದು, ಇವುಗಳಲ್ಲಿ ಪ್ರತಿಯೊಂದಕ್ಕೂ ಸಹಜವಾದ ಇನ್ನೊಂದು ಅರ್ಥವಿದೆ. ಆ ಅರ್ಥ ದುರ್ಬಲವಾದರೆ ಓದುಗ ಎರಡನೇ ಅಧ್ಯಾಯದಲ್ಲೇ ಕೊಲೆಗಾರನನ್ನು ಹಿಡಿಯುತ್ತಾನೆ. ಸುಳಿವೇ ಇಲ್ಲದೆ, ಕೊನೆಯ ಅಧ್ಯಾಯದಲ್ಲಿ ಪತ್ತೇದಾರನ ಜೇಬಿನಿಂದ ಹೊಸ ತಂತಿಯೊಂದು ಹೊರಬಂದರೆ ಮೋಸಹೋದೆನೆಂದು ಪುಸ್ತಕ ಮುಚ್ಚುತ್ತಾನೆ. ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಗಲೇಬೇಕೆಂದು 1929ರಲ್ಲಿ ರೊನಾಲ್ಡ್ ನಾಕ್ಸ್ ತನ್ನ ಹತ್ತು ನಿಯಮಗಳಲ್ಲಿ ಬರೆದದ್ದು ಇದಕ್ಕೇ. ಕ್ರಿಸ್ಟಿ ಮೋಸ ಮಾಡಿದಳೆಂಬ ದೂರು ಬಂದಾಗ ಸಹಲೇಖಕಿ ಡೊರೊಥಿ ಸೇಯರ್ಸ್ ಆಕೆಯ ಪರ ನಿಂತರು. ಎಲ್ಲರನ್ನೂ ಶಂಕಿಸುವುದು ಓದುಗನ ಕೆಲಸ ಎಂಬುದು ಅವರ ವಾದ, ಅದು ಸರಿಯಾದದ್ದೇ.

ಕಾದಂಬರಿಯನ್ನು ಒಮ್ಮೆ ಓದಿ ಮುಗಿಸಿದವರು ನಾಲ್ಕನೆಯ ಅಧ್ಯಾಯವನ್ನು ಮತ್ತೊಮ್ಮೆ ತೆಗೆದು, ಪೆನ್ಸಿಲ್ ಹಿಡಿದು, ಗಂಟೆ ನಿಮಿಷಗಳಿಗೆಲ್ಲ ಗೆರೆ ಎಳೆಯುತ್ತಾ ಓದಲಿ. ಪತ್ತೇದಾರಿ ಕಥೆ ಬರೆಯಲು ಹೊರಟವರಂತೂ ಇದನ್ನು ಮಾಡಲೇಬೇಕು.