‘ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ’ ಎನ್ನುವ ಮೊದಲು

‘ಮಾತನಾಡಲು ಅವಕಾಶ ಮಾಡಿಕೊಟ್ಟ ಎಲ್ಲರಿಗೂ ಧನ್ಯವಾದ ಹೇಳುತ್ತಾ, ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ. ಜೈ ಹಿಂದ್, ಜೈ ಕರ್ನಾಟಕ.’

ನಮ್ಮ ಸಭೆ ಸಮಾರಂಭಗಳಿಗೆ ಹೋಗುವ ಯಾರಿಗಾದರೂ ಈ ವಾಕ್ಯ ಬಾಯಿಪಾಠ. ‘ಅವಕಾಶ ಮಾಡಿಕೊಟ್ಟ’ ಎಂಬಲ್ಲಿಗೆ ಬಂದಾಗಲೇ ಭಾಷಣ ಮುಗಿಯಿತೆಂದು ಸಭೆಗೆ ಗೊತ್ತಾಗುತ್ತದೆ. ಚಪ್ಪಾಳೆಗೆ ಕೈ ಸಿದ್ಧವಾಗುತ್ತವೆ, ಹಿಂದಿನ ಸಾಲಿನವರು ಚಪ್ಪಲಿ ಹುಡುಕುತ್ತಾರೆ. ಅಲ್ಲಿಯವರೆಗೆ ಇಪ್ಪತ್ತು ನಿಮಿಷ ಮನಸ್ಸಿಟ್ಟು ಕೇಳಿದವರೂ ಆ ಕ್ಷಣದಲ್ಲಿ ಕೇಳುವುದನ್ನು ನಿಲ್ಲಿಸುತ್ತಾರೆ. ಮಾತನಾಡಿದವರು ಕೆರೆ ಉಳಿಸಿ ಎಂದರೋ, ಮಕ್ಕಳಿಗೆ ಲಸಿಕೆ ಹಾಕಿಸಿ ಎಂದರೋ, ಕೇಳಿದವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದು ಮಾತ್ರ ಬಾಯಿಂದ ಬರಲೇ ಇಲ್ಲ.

ಧನ್ಯವಾದ ಹೇಳಬಾರದು ಎಂದಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಅದಕ್ಕೆಂದೇ ವಂದನಾರ್ಪಣೆ ಎಂಬ ಪ್ರತ್ಯೇಕ ಭಾಗವಿದೆ, ಅದನ್ನು ಮಾಡಲು ಒಬ್ಬರನ್ನು ಗೊತ್ತುಮಾಡಿಯೂ ಇರುತ್ತಾರೆ. ಭಾಷಣಕಾರರಿಗೆ ತಾವೂ ಕೃತಜ್ಞತೆ ಹೇಳಬೇಕೆನಿಸಿದರೆ ಮೊದಲ ನಿಮಿಷದಲ್ಲಿ ಹೇಳಬಹುದು, ಅಲ್ಲಿ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕೊನೆಯ ಅರ್ಧ ನಿಮಿಷವನ್ನು ಅದಕ್ಕೆ ಕೊಟ್ಟರೆ, ಕೇಳುಗರು ಮನೆಗೆ ಒಯ್ಯುವ ಮಾತಿನ ಜಾಗ ಹೋಗಿಬಿಡುತ್ತದೆ.

ಕೊನೆಯ ಮಾತಿನಲ್ಲಿ ಏನಿರಬೇಕು ಎಂಬುದಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಹಳೆಯ ಪ್ರಯೋಗ ಬಹಳ ಸ್ಪಷ್ಟ ಉತ್ತರ ಕೊಡುತ್ತದೆ. ಹೋವರ್ಡ್ ಲೆವೆಂಥಾಲ್ ಮತ್ತು ಅವರ ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಧ್ಯಯನವದು. ವಿದ್ಯಾರ್ಥಿಗಳು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳುವಂತೆ ಮಾಡಬೇಕಿತ್ತು. ಅದಕ್ಕೆ ಕಿರುಹೊತ್ತಗೆಗಳನ್ನು ಸಿದ್ಧಪಡಿಸಿದರು. ಕೆಲವರಿಗೆ ಕೊಟ್ಟ ಹೊತ್ತಗೆಯಲ್ಲಿ ಎದೆ ನಡುಗಿಸುವ ವಿವರಗಳಿದ್ದವು, ಉಳಿದವರಿಗೆ ಕೊಟ್ಟದ್ದರಲ್ಲಿ ಅದೇ ವಿಷಯ ಸೌಮ್ಯವಾಗಿತ್ತು. ಭಯಪಡಿಸಿದ ಹೊತ್ತಗೆ ಓದಿದವರು ಹೆಚ್ಚು ಹೆದರಿದರು, ಚುಚ್ಚುಮದ್ದು ಬಹಳ ಮುಖ್ಯ ಎಂದು ಒಪ್ಪಿದರು, ಹಾಕಿಸಿಕೊಳ್ಳುತ್ತೇವೆ ಎಂದೂ ಹೇಳಿದರು. ಆದರೆ ನಿಜವಾಗಿ ಹೋಗಿ ತೋಳು ಚಾಚಿದವರನ್ನು ಲೆಕ್ಕ ಹಾಕಿದಾಗ, ಹೆಚ್ಚು ಹೆದರಿದವರಿಗೂ ಕಡಿಮೆ ಹೆದರಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಬಂದದ್ದು ಬೇರೆ ಕಡೆಯಿಂದ. ಎರಡೂ ಗುಂಪುಗಳಲ್ಲಿ ಕೆಲವರಿಗೆ ಹೊತ್ತಗೆಯ ಜೊತೆಗೆ ಕ್ಯಾಂಪಸ್ಸಿನ ನಕ್ಷೆಯೊಂದನ್ನು ಕೊಟ್ಟಿದ್ದರು. ಅದರಲ್ಲಿ ಆರೋಗ್ಯ ಕೇಂದ್ರಕ್ಕೆ ಗುರುತು ಹಾಕಿತ್ತು, ಚುಚ್ಚುಮದ್ದು ಸಿಗುವ ವೇಳೆ ಬರೆದಿತ್ತು. ವಾರದ ನಿಮ್ಮ ವೇಳಾಪಟ್ಟಿ ನೋಡಿ, ಯಾವಾಗ ಹೋಗುತ್ತೀರಿ ಎಂದು ಗೊತ್ತುಮಾಡಿಕೊಳ್ಳಿ ಎಂಬ ಕೋರಿಕೆಯೂ ಇತ್ತು. ನಕ್ಷೆ ಇಲ್ಲದವರಲ್ಲಿ ಚುಚ್ಚುಮದ್ದು ಹಾಕಿಸಿಕೊಂಡವರು ಸುಮಾರು ಶೇ. 3, ನಕ್ಷೆ ಸಿಕ್ಕಿದವರಲ್ಲಿ ಸುಮಾರು ಶೇ. 28. ಇವರೆಲ್ಲ ಅಲ್ಲಿ ಕೊನೆಯ ವರ್ಷ ಓದುತ್ತಿದ್ದವರು. ಆರೋಗ್ಯ ಕೇಂದ್ರ ಎಲ್ಲಿದೆ ಎಂಬುದು ಅವರಿಗೆ ಮೊದಲೇ ಗೊತ್ತಿದ್ದ ಸಂಗತಿ. ಹಾಗಾಗಿ ನಕ್ಷೆ ಅವರಿಗೆ ಹೊಸ ಮಾಹಿತಿ ಕೊಡಲಿಲ್ಲ. ‘ಮಾಡಬೇಕು’ ಎಂಬ ತೇಲುವ ಯೋಚನೆಯನ್ನು ‘ಗುರುವಾರ ಮಧ್ಯಾಹ್ನ, ತರಗತಿ ಬಿಟ್ಟಮೇಲೆ, ಅಲ್ಲಿಗೆ’ ಎಂಬಲ್ಲಿಗೆ ಇಳಿಸಿತು, ಅಷ್ಟೆ. ರೋಗದ ಬಗ್ಗೆ ಏನೂ ಹೇಳದೆ ಬರೀ ನಕ್ಷೆ ಕೊಟ್ಟರೆ ಅದೂ ಫಲಿಸಲಿಲ್ಲ. ವಿಷಯ ಮನಸ್ಸಿಗೆ ನಾಟಿರಬೇಕು, ಆಮೇಲೆ ದಾರಿ ತೋರಿಸಬೇಕು.

ನಮ್ಮ ಭಾಷಣಗಳಲ್ಲಿ ಮೊದಲ ಅರ್ಧ ಚೆನ್ನಾಗಿಯೇ ಇರುತ್ತದೆ. ಬಿಟ್ಟುಹೋಗುವುದು ಈ ನಕ್ಷೆ.

ಒಂದು ಉದಾಹರಣೆಯನ್ನು ಪೂರ್ತಿ ಕಟ್ಟಿ ನೋಡೋಣ. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜು, ಎನ್ನೆಸ್ಸೆಸ್ ಘಟಕದ ಕಾರ್ಯಕ್ರಮ, ರಕ್ತದಾನದ ಬಗ್ಗೆ ವೈದ್ಯರೊಬ್ಬರ ಮಾತು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದೆ ಬಂದ ಬಾಣಂತಿಯೊಬ್ಬಳ ಸಂಗತಿಯಿಂದ ಅವರು ಮಾತು ಶುರುಮಾಡಿದ್ದಾರೆ. ಅವಳ ಗಂಡ ಫೋನ್ ಹಿಡಿದು ಊರೆಲ್ಲ ಕೇಳಿದ್ದನ್ನು ಹೇಳಿದ್ದಾರೆ. ಸಭೆ ನಿಶ್ಶಬ್ದವಾಗಿದೆ. ಈಗ ಅವರು ಹೀಗೆ ಮುಗಿಸಿದರು ಎಂದುಕೊಳ್ಳಿ: ‘ಆದ್ದರಿಂದ ಯುವಕರೆಲ್ಲ ರಕ್ತದಾನ ಮಾಡಿ ಜೀವ ಉಳಿಸಬೇಕು. ಅವಕಾಶ ಕೊಟ್ಟದ್ದಕ್ಕೆ ಧನ್ಯವಾದಗಳು.’ ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಏಳುವುದೂ ಇಲ್ಲ. ‘ಯುವಕರೆಲ್ಲ’ ಎಂದರೆ ಪಕ್ಕದಲ್ಲಿ ಕೂತವನು ಎಂದು ಪ್ರತಿಯೊಬ್ಬನೂ ತಿಳಿಯುತ್ತಾನೆ. ಎಲ್ಲಿಗೆ ಹೋಗಬೇಕು, ಯಾವತ್ತು, ನನ್ನಿಂದ ಆಗುತ್ತದೋ ಇಲ್ಲವೋ, ತಲೆ ಸುತ್ತುತ್ತದೋ ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ಅದೇ ವೈದ್ಯರು ಹೀಗೆ ಮುಗಿಸಬಹುದಿತ್ತು:

‘ನಿಮಗೆ 18 ವರ್ಷ ತುಂಬಿದೆಯೇ? ತೂಕ 45 ಕಿಲೋ ಅಥವಾ ಹೆಚ್ಚು ಇದೆಯೇ? ಹಾಗಿದ್ದರೆ ಈ ಮಾತು ನಿಮಗೆ. ಬರುವ ಶನಿವಾರ ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ, ಇದೇ ಕಾಲೇಜಿನ ಗ್ರಂಥಾಲಯದ ಪಕ್ಕದ ಕೊಠಡಿಯಲ್ಲಿ ರಕ್ತನಿಧಿಯವರು ಇರುತ್ತಾರೆ. ತಿಂಡಿ ತಿಂದುಕೊಂಡು ಬನ್ನಿ, ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಕೊಡಬಹುದೋ ಇಲ್ಲವೋ ಎಂಬುದನ್ನು ಅಲ್ಲಿ ಪರೀಕ್ಷೆ ಮಾಡಿ ಅವರೇ ಹೇಳುತ್ತಾರೆ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಹಾಳೆ ಇದೆ. ಹೊರಗೆ ಹೋಗುವಾಗ ನಿಮ್ಮ ಹೆಸರು, ಬರುವ ಗಂಟೆ ಎರಡನ್ನೂ ಬರೆದು ಹೋಗಿ. ಮುಂದಿನ ಸಲ ಒಬ್ಬ ಗಂಡ ಫೋನ್ ಹಿಡಿದು ಅಲೆಯುವಾಗ, ರಕ್ತ ಆಗಲೇ ರಕ್ತನಿಧಿಯಲ್ಲಿ ಇರಲಿ.’

ಇಷ್ಟನ್ನು ನಿಧಾನವಾಗಿ ಹೇಳಲು ಒಂದು ನಿಮಿಷ ಸಾಕು. ಇದರಲ್ಲಿ ಏನೇನು ಆಯಿತು ಎಂಬುದನ್ನು ಗಮನಿಸಿ. ‘ಯುವಕರೆಲ್ಲ’ ಹೋಗಿ ‘ನೀವು’ ಬಂದಿತು. ನಮ್ಮ ದೇಶದ ನಿಯಮದಲ್ಲಿರುವ ವಯಸ್ಸು ಮತ್ತು ತೂಕವನ್ನು ಹೇಳಿದ್ದರಿಂದ ಪ್ರತಿಯೊಬ್ಬರೂ ಕೂತಲ್ಲೇ ತಮ್ಮನ್ನು ತಾವು ಅಳೆದುಕೊಂಡರು. ನಿಯಮದಲ್ಲಿ ಇನ್ನೂ ಹಲವು ವಿವರಗಳಿವೆ. ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು, ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ವೈದ್ಯರು ಅವನ್ನು ಬೇಕೆಂದೇ ಬಿಟ್ಟರು. ಅದು ಭಾಷಣದ ನಡುವೆ ಬರಬೇಕಾದ ಮಾತು, ಹಿಮೋಗ್ಲೋಬಿನ್ನನ್ನಂತೂ ಶಿಬಿರದಲ್ಲಿ ಬೆರಳ ತುದಿಯ ಹನಿಯಿಂದ ಅವರೇ ನೋಡುತ್ತಾರೆ. ಕೊನೆಯಲ್ಲಿ ಬೇಕಾದದ್ದು ಹೆಜ್ಜೆ ಎತ್ತಲು ಎಷ್ಟು ಅಗತ್ಯವೋ ಅಷ್ಟು. ಬಾಗಿಲ ಬಳಿಯ ಹಾಳೆ ಆ ನಕ್ಷೆಯ ಕೆಲಸ ಮಾಡುತ್ತದೆ. ಹೆಸರಿನ ಎದುರು ತಾನೇ ಬರೆದ ಗಂಟೆ ಆ ಹುಡುಗಿಯ ಶನಿವಾರದಲ್ಲಿ ಒಂದು ಜಾಗ ಹಿಡಿದುಬಿಡುತ್ತದೆ. ಕೊನೆಯ ಸಾಲು ಆರಂಭದ ಬಾಣಂತಿಯ ಹತ್ತಿರಕ್ಕೆ ಮರಳಿತು. ಅದಾದ ಮೇಲೆ ವೈದ್ಯರು ಇನ್ನೇನೂ ಹೇಳದೆ ಎರಡು ಕ್ಷಣ ಸುಮ್ಮನೆ ನಿಂತು, ಕೈಮುಗಿದು ಕೂರಬೇಕು. ಕೈಮುಗಿಯುವುದರಲ್ಲೇ ಧನ್ಯವಾದವೂ ಇದೆ.

ಇಲ್ಲಿ ಒಂದು ಷರತ್ತಿದೆ. ಶನಿವಾರದ ಶಿಬಿರ ನಿಜವಾಗಿ ಏರ್ಪಾಡಾಗಿರಬೇಕು, ಹಾಳೆ ನಿಜವಾಗಿ ಮೇಜಿನ ಮೇಲಿರಬೇಕು. ಒಳ್ಳೆಯ ಕೊನೆಯ ಮಾತು ಸಭೆಗೆ ಎರಡು ದಿನ ಮೊದಲು, ಸಂಘಟಕರಿಗೆ ಮಾಡುವ ಫೋನಿನಲ್ಲಿ ಹುಟ್ಟುತ್ತದೆ. ‘ಕೇಳಿದವರು ತಕ್ಷಣ ಏನು ಮಾಡಬಹುದು? ಅದಕ್ಕೆ ಏರ್ಪಾಡು ಇದೆಯೇ?’ ಎಂದು ಕೇಳಿ ತಿಳಿದುಕೊಳ್ಳದ ಭಾಷಣಕಾರರಿಗೆ, ಎಷ್ಟೇ ವಾಗ್ಮಿಯಾದರೂ, ಕೊನೆಯಲ್ಲಿ ‘ಎಲ್ಲರೂ ಕೈಜೋಡಿಸೋಣ’ ಎನ್ನುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ದೊಡ್ಡ ಕರೆಗಳಿಗೂ ಇದೇ ಮಾತು ಸಲ್ಲುತ್ತದೆ. 1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ಆಡಿದ ಮಾತಿನಿಂದ ನಮಗೆಲ್ಲ ನೆನಪಿರುವುದು ‘ಮಾಡು ಇಲ್ಲವೇ ಮಡಿ’ ಎಂಬ ಮಂತ್ರ. ಆದರೆ ಆ ಭಾಷಣದಲ್ಲಿ ಅವರು ಬೇರೆಬೇರೆ ಜನರನ್ನು ಬೇರೆಬೇರೆಯಾಗಿ ಉದ್ದೇಶಿಸಿ ಅವರವರ ಕೆಲಸ ಹೇಳಿದ್ದರು. ಸರ್ಕಾರಿ ನೌಕರರು ಕೂಡಲೇ ರಾಜೀನಾಮೆ ಕೊಡಬೇಕಿಲ್ಲ, ತಾವು ಕಾಂಗ್ರೆಸ್ಸಿನ ಕಡೆ ಎಂದು ಬಹಿರಂಗವಾಗಿ ತಿಳಿಸಲಿ ಎಂದರು. ಸೈನಿಕರು ಸೈನ್ಯ ಬಿಡಬೇಕಿಲ್ಲ, ನಮ್ಮ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಎನ್ನಲಿ ಎಂದರು. ಸಂಸ್ಥಾನದ ಅರಸರಿಗೂ ಒಂದು ಮಾತಿತ್ತು. ಮಂತ್ರ ಎಲ್ಲರಿಗೂ ಒಂದೇ, ಕೆಲಸ ಮಾತ್ರ ಅವರವರ ಕೈಗೆ ಎಟಕುವಷ್ಟು. ಘೋಷಣೆಯನ್ನಷ್ಟೇ ನೆನಪಿಟ್ಟುಕೊಂಡ ನಾವು ಈ ಎರಡನೆಯ ಭಾಗವನ್ನು ಮರೆತಿದ್ದೇವೆ ಎಂದು ನನಗನಿಸುತ್ತದೆ.

ಕರೆ ಕೊಟ್ಟರೂ ಕೆಡುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪೆಂದರೆ ಒಂದರ ಜಾಗದಲ್ಲಿ ಐದು ಕೆಲಸ ಹೇಳುವುದು. ರಕ್ತ ಕೊಡಿ, ನೇತ್ರದಾನಕ್ಕೂ ಬರೆಸಿ, ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ ಎಂದು ಸಾಲಾಗಿ ಹೇಳಿದರೆ ಕೇಳಿದವರು ಯಾವುದನ್ನೂ ಹಿಡಿಯುವುದಿಲ್ಲ. ಇನ್ನೊಂದು, ಪ್ರಶ್ನೋತ್ತರ. ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಬಿಟ್ಟರೆ, ಯಾರೋ ಕೇಳಿದ ಸಂಬಂಧವಿಲ್ಲದ ಪ್ರಶ್ನೆಗೆ ಕೊಟ್ಟ ಉತ್ತರವೇ ಸಭೆಯ ಕೊನೆಯ ಮಾತಾಗಿ ಹೋಗುತ್ತದೆ. ಅದಕ್ಕೆ, ‘ಕೊನೆಯದಾಗಿ ಒಂದು ಮಾತು ಹೇಳುವುದಿದೆ, ಅದಕ್ಕೆ ಮೊದಲು ನಿಮ್ಮ ಪ್ರಶ್ನೆಗಳನ್ನು ಕೇಳಿ’ ಎಂದು ಮುಕ್ತಾಯವನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ವೇದಿಕೆಗಳ ಇನ್ನೊಂದು ವಾಸ್ತವ, ನಿರೂಪಕರು ಕಳಿಸುವ ಚೀಟಿ. ‘ಎರಡು ನಿಮಿಷದಲ್ಲಿ ಮುಗಿಸಿ’ ಎಂದು ಬಂದಾಗ ಗಾಬರಿಯಾಗಿ ‘ಸಮಯದ ಅಭಾವದಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ’ ಎಂದು ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ. ಕತ್ತರಿಸಬೇಕಾದದ್ದು ನಡುವಿನ ಭಾಗವನ್ನು. ಕೊನೆಯ ಮಾತನ್ನು ಎರಡು ಅಳತೆಯಲ್ಲಿ ಸಿದ್ಧವಾಗಿಟ್ಟುಕೊಂಡರೆ, ಒಂದು ನಿಮಿಷದ್ದು ಒಂದು, ಹದಿನೈದು ಸೆಕೆಂಡಿನದು ಇನ್ನೊಂದು, ಚೀಟಿ ಯಾವಾಗ ಬಂದರೂ ಎದೆ ಹೊಡೆದುಕೊಳ್ಳುವುದಿಲ್ಲ. ಆ ಹದಿನೈದು ಸೆಕೆಂಡನ್ನು ಕಂಠಪಾಠ ಮಾಡಿರಬೇಕು. ಹಾಳೆ ನೋಡಿಕೊಂಡು ಕರೆ ಕೊಡುವವರ ಮಾತಿಗೆ ಬಲ ಬರುವುದು ಕಷ್ಟ, ದನಿಯೂ ಕೊನೆಯ ಪದಕ್ಕೆ ಬರುವಷ್ಟರಲ್ಲಿ ತಗ್ಗಿಹೋಗಿರುತ್ತದೆ.

ಎಲ್ಲ ಮಾತಿಗೂ ಕರೆ ಬೇಕಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ, ಗುರುಗಳ ಸನ್ಮಾನದಲ್ಲಿ, ಕಾವ್ಯದ ಉಪನ್ಯಾಸದಲ್ಲಿ ಕೊನೆಗೆ ಕೆಲಸ ಒಪ್ಪಿಸಿದರೆ ಸಭೆಗೆ ಮುಜುಗರವಾಗುತ್ತದೆ. ಜನ ಏನನ್ನಾದರೂ ಮಾಡಲಿ ಎಂಬುದಕ್ಕಾಗಿಯೇ ಕರೆದ ಸಭೆಗಳಿರುತ್ತವಲ್ಲ, ಶಾಲಾಭಿವೃದ್ಧಿ ಸಮಿತಿಯದು, ಗ್ರಾಮಸಭೆ, ಆರೋಗ್ಯ ಶಿಬಿರ, ಸಹಕಾರ ಸಂಘದ್ದು, ನಾನು ಹೇಳುತ್ತಿರುವುದು ಅಂಥವುಗಳ ಬಗ್ಗೆ.

ಅಂಥ ಸಭೆಯೊಂದರಲ್ಲಿ ನೀವು ಮಾತನಾಡುವುದಿದ್ದರೆ, ಬರೆದಿಟ್ಟ ಹಾಳೆಯನ್ನು ಇವತ್ತು ರಾತ್ರಿ ಊಟವಾದ ಮೇಲೆ ತೆಗೆಯಿರಿ. ಕೊನೆಯ ಸಾಲು ‘ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ’ ಎಂದಿದ್ದರೆ ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಯಾರು, ಏನು, ಎಲ್ಲಿ, ಯಾವತ್ತು ಎಂಬ ನಾಲ್ಕಕ್ಕೂ ಉತ್ತರ ಬರೆಯಿರಿ. ನಾಲ್ಕರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಬೆಳಿಗ್ಗೆ ಸಂಘಟಕರಿಗೆ ಫೋನ್ ಮಾಡಿ.